ಸಮೀಕರಣದ ಚಹರೆ ನೋಡಿ ದಾರಿ ಹಿಡಿಯುವುದು

ದ್ವಿತೀಯ ಪಿಯುಸಿ ಗಣಿತದ ಪುಸ್ತಕದಲ್ಲಿ ಅವಕಲ ಸಮೀಕರಣಗಳ ಲೆಕ್ಕ ಬಿಡಿಸುವುದು ಅಷ್ಟೇನೂ ಕಷ್ಟವಲ್ಲ. ಯಾವ ಅಭ್ಯಾಸಕ್ಕೆ ಯಾವ ವಿಧಾನ ಎಂಬುದು ಹಿಂದಿನ ಪುಟದಲ್ಲೇ ಇರುತ್ತದೆ. ಪರೀಕ್ಷೆಯಲ್ಲಿ ಸಮೀಕರಣ ಒಂಟಿಯಾಗಿ ಬರುತ್ತದೆ, ಆಗ ಕೈ ತಡವರಿಸುತ್ತದೆ. ಅನುಕಲನ ಬಾರದೆ ಸೋಲುವವರಿಗಿಂತ, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಸೋಲುವವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಅದಕ್ಕಾಗಿ ನನ್ನ ವಿದ್ಯಾರ್ಥಿಗಳಿಗೆ ಒಂದೇ ಪುಟದಲ್ಲಿ ಕೆಲವು ಪ್ರಶ್ನೆಗಳನ್ನು ಬರೆಸುತ್ತೇನೆ. ಅವುಗಳನ್ನು ಅದೇ ಕ್ರಮದಲ್ಲಿ ಕೇಳಿಕೊಳ್ಳಬೇಕು.

x ಬದಲಾದಂತೆ y ಎಷ್ಟು ವೇಗವಾಗಿ ಬದಲಾಗುತ್ತದೆ ಎಂಬುದನ್ನು dy/dx ಹೇಳುತ್ತದೆ. ಮೊದಲ ದರ್ಜೆಯ ಸಮೀಕರಣದಲ್ಲಿ ಇದಕ್ಕಿಂತ ಮೇಲಿನ ಅವಕಲನ ಇರುವುದಿಲ್ಲ. ಏನೇ ಕೊಟ್ಟಿರಲಿ, ಮೊದಲು dy/dx ಅನ್ನು ಎಡಕ್ಕೆ ಒಂಟಿಯಾಗಿ ನಿಲ್ಲಿಸಿ. ಚಹರೆ ಕಾಣುವುದು ಆಮೇಲೆಯೇ.

ಮೊದಲ ಪ್ರಶ್ನೆ: ಬಲಬದಿಯನ್ನು x ಮಾತ್ರ ಇರುವ ಒಂದು ಭಾಗ, y ಮಾತ್ರ ಇರುವ ಇನ್ನೊಂದು ಭಾಗ ಎಂದು ಗುಣಲಬ್ಧವಾಗಿ ಒಡೆಯಬಹುದೇ? ಹೌದಾದರೆ ಚರಗಳನ್ನು ಬೇರ್ಪಡಿಸಿ ಎರಡೂ ಕಡೆ ಅನುಕಲಿಸಿದರೆ ಮುಗಿಯಿತು. ಎರಡನೆಯದು: y ಬರೀ ಒಂದನೇ ಘಾತದಲ್ಲಿದೆಯೇ? ಹಾಗಿದ್ದರೆ ಅದು ರೇಖೀಯ. dy/dx + Py = Q ಎಂದು ಬರೆದುಕೊಂಡು ಅನುಕಲನ ಗುಣಕ ಹುಡುಕಬೇಕು. ಇಲ್ಲಿ P, Q ಎರಡರಲ್ಲೂ y ಇರಬಾರದು.

ಎರಡಕ್ಕೂ ಉತ್ತರ ಇಲ್ಲ ಎಂದಾದಾಗ ಬಹಳ ಮಂದಿ ಪೆನ್ನು ಕೆಳಗಿಡುತ್ತಾರೆ. ಮೂರನೆಯ ಪ್ರಶ್ನೆಯ ಬೆಲೆ ತಿಳಿಯುವುದು ಅಲ್ಲೇ: ಸಮೀಕರಣವನ್ನು ತಲೆಕೆಳಗು ಮಾಡಿದರೆ ಹೇಗೆ? ಒಂದು ಉದಾಹರಣೆ ನೋಡೋಣ.

```
dy/dx = y/(x + y³)
```

ಛೇದದಲ್ಲಿ x ಮತ್ತು y³ ಕೂಡಿಕೊಂಡಿವೆ, ಬೇರ್ಪಡಿಸಲು ಬರುವುದಿಲ್ಲ. y³ ಇರುವುದರಿಂದ ರೇಖೀಯವೂ ಅಲ್ಲ. ಆದರೆ x ಅನ್ನು ನೋಡಿ, ಅದು ಒಂದನೇ ಘಾತದಲ್ಲೇ ಇದೆ. ಹಾಗಾದರೆ x ಅನ್ನೇ y ನ ಫಲನವೆಂದು ಎಣಿಸಿ ತಿರುವಿ ಬರೆಯೋಣ.

```
dx/dy − x/y = y²
```

ಈಗ ಇದು x ಗೆ ರೇಖೀಯ. ಅನುಕಲನ ಗುಣಕ ಎಂದರೆ −1/y ಯ ಅನುಕಲನವನ್ನು e ಯ ಘಾತವಾಗಿ ಇಟ್ಟದ್ದು, ಅಂದರೆ 1/y. ಅವಸರದಲ್ಲಿ ಇದನ್ನು −y ಎಂದು ಬರೆದುಬಿಡುತ್ತಾರೆ. ಲಾಗರಿದಮ್ ಹಿಂದಿನ ಋಣಚಿಹ್ನೆ ಘಾತಕ್ಕೆ ಹೋಗಬೇಕು, ಹೊರಗೆ ನಿಲ್ಲಬಾರದು. ಎರಡೂ ಬದಿಯನ್ನು 1/y ಯಿಂದ ಗುಣಿಸಿದರೆ ಎಡಬದಿ x/y ಯ ಅವಕಲನವಾಗುತ್ತದೆ, ಬಲಬದಿಯಲ್ಲಿ y ಉಳಿಯುತ್ತದೆ. ಅನುಕಲಿಸಿದಾಗ x/y = y²/2 + C. ಅಂದರೆ

```
x = y³/2 + Cy
```

ತಾಳೆ ನೋಡೋಣ. ಇದನ್ನು y ಗೆ ಅವಕಲಿಸಿದರೆ 3y²/2 + C. ಅದರಿಂದ x/y, ಅಂದರೆ y²/2 + C ಕಳೆದರೆ y² ಸಿಗುತ್ತದೆ. ಉತ್ತರ ಸರಿ. ಆದರೂ ಒಂದು ಉತ್ತರ ಕೈತಪ್ಪಿದೆ. ತಿರುವಿ ಹಾಕುವಾಗ y ಯಿಂದ ಭಾಗಿಸಿದೆವು, ಹಾಗಾಗಿ y = 0 ಎಂಬ ಸಾಧ್ಯತೆ ಕಳಚಿಹೋಯಿತು. ಮೂಲ ಸಮೀಕರಣದಲ್ಲಿ y = 0 ಹಾಕಿ ನೋಡಿ, x ಸೊನ್ನೆಯಲ್ಲದ ಕಡೆ ಅದೂ ಉತ್ತರವೇ. ಚರದಿಂದ ಭಾಗಿಸಿದಾಗಲೆಲ್ಲ ಅದು ಸೊನ್ನೆಯಾದರೆ ಏನಾಗುತ್ತದೆಂದು ನೋಡಬೇಕು.

ಇದೂ ಫಲಿಸದಿದ್ದರೆ ಇನ್ನು ಮೂರು ಚಹರೆಗಳಿವೆ. x ಇದ್ದಲ್ಲಿ 2x, y ಇದ್ದಲ್ಲಿ 2y ಹಾಕಿ; ಎಲ್ಲ 2 ಗಳೂ ಹೊಡೆದುಹೋಗಿ ಬಲಬದಿ ಮೊದಲಿನಂತೆಯೇ ಉಳಿದರೆ ಅದು ಸಮಘಾತೀಯವಿರಬಹುದು, y = vx ಎಂದು ಆದೇಶಿಸಿ. ರೇಖೀಯ ರೂಪದ ಬಲಬದಿಯ Q ಜೊತೆಗೆ y ಯ ಬೇರೆ ಘಾತವೊಂದು ಗುಣಿಸಿಕೊಂಡಿದ್ದರೆ ಅದು ಬರ್ನೂಲಿ ಸಮೀಕರಣ. ಆ ಘಾತದಿಂದ ಭಾಗಿಸಿ, ಒಂದು ಆದೇಶ ಮಾಡಿದರೆ ರೇಖೀಯವಾಗುತ್ತದೆ. M dx + N dy = 0 ರೂಪದಲ್ಲಿದ್ದರೆ M ಅನ್ನು y ಗೂ N ಅನ್ನು x ಗೂ ಆಂಶಿಕವಾಗಿ ಅವಕಲಿಸಿ, ಎರಡೂ ಸಮವಾದರೆ ಅದು ಯಥಾರ್ಥ ಸಮೀಕರಣ. ಈ ಕೊನೆಯ ಎರಡು ಪದವಿ ತರಗತಿಯ ಪಾಠ.

ಒಂದೇ ಸಮೀಕರಣ ಎರಡು ಬಾಗಿಲಿಗೂ ಹೊಂದಬಹುದು, ಗಾಬರಿ ಬೇಡ. dy/dx = (x + y)/x ರೇಖೀಯವೂ ಹೌದು, ಸಮಘಾತೀಯವೂ ಹೌದು. ಯಾವ ದಾರಿಯಲ್ಲಿ ಹೋದರೂ y = x ln|x| + Cx ಎಂದೇ ಬರುತ್ತದೆ.

ಈ ಪುಟಕ್ಕೆ ದಕ್ಕದ ಸಮೀಕರಣಗಳೂ ಇವೆ. dy/dx = x² + y² ನೋಡಲು ಎಷ್ಟು ಸರಳ! ಆದರೆ ನಮಗೆ ಪರಿಚಿತವಾದ ಘಾತ, ಲಾಗರಿದಮ್, ತ್ರಿಕೋನಮಿತಿ ಫಲನಗಳಿಂದ ಇದರ ಉತ್ತರ ಬರೆಯಲಾಗದು. ಇಂಥ ಸಮೀಕರಣಗಳ ಈ ಮಿತಿಯನ್ನು ಫ್ರಾನ್ಸಿನ ಲಿಯೂವಿಲ್ 19ನೇ ಶತಮಾನದಲ್ಲೇ ಸಾಧಿಸಿ ತೋರಿಸಿದ. ಎಲ್ಲ ಪ್ರಶ್ನೆಗಳಿಗೂ ಇಲ್ಲ ಎಂಬ ಉತ್ತರ ಬಂದರೆ ನಿಮ್ಮ ಜಾಣ್ಮೆಯನ್ನು ಶಂಕಿಸಬೇಡಿ. ಆಯ್ಲರ್ ಅಥವಾ ರುಂಗೆ-ಕುಟ್ಟಾ ವಿಧಾನ ಹಿಡಿದು, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಅಂಕಿಗಳನ್ನೇ ಲೆಕ್ಕಹಾಕಿ.