ದಿನ ತುಂಬಿದರೂ ನೋವು ಬಂದಿಲ್ವಾ? ಡ್ರಿಪ್‌ಗೂ ಮೊದಲು ಸ್ಕೋರ್ ನೋಡ್ತಾರೆ

41 ವಾರ ತುಂಬಿದರೂ ನೋವು ಬಾರದಿದ್ದರೆ, ಬಿಪಿ ಏರಿದರೆ ಅಥವಾ ನೋವಿಲ್ಲದೆ ನೀರು ಹೋದರೆ, ವೈದ್ಯರು ನೋವು ಬರಿಸಲು ಸಲಹೆ ನೀಡುತ್ತಾರೆ. ಆದರೆ ಬಂದ ಕೂಡಲೇ ಡ್ರಿಪ್ ಹಾಕೋದಿಲ್ಲ.

ಮೊದಲು ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ತೆಳುವಾಗಿದೆ, ಮೆತ್ತಗಿದೆ, ಮುಂದೆ ಬಂದಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಅಂತ ನೋಡಿ ಬಿಷಪ್ ಸ್ಕೋರ್ ಹಾಕುತ್ತಾರೆ. ಒಟ್ಟು 13 ಅಂಕ. 8 ಬಂದರೆ ಬಾಯಿ ಹದವಾಗಿದೆ ಎಂದರ್ಥ.

ಉದಾಹರಣೆಗೆ, ಬಾಯಿ 1 ಸೆಂ.ಮೀ. ತೆರೆದಿದೆ, ಅರ್ಧ ತೆಳುವಾಗಿದೆ; ಎರಡಕ್ಕೂ ಒಂದೊಂದು ಅಂಕ. ಆದರೆ ಬಾಯಿ ಗಟ್ಟಿ, ಹಿಂದಕ್ಕಿದೆ, ತಲೆಯೂ ಮೇಲಿದೆ, ಅದಕ್ಕೆ ಸೊನ್ನೆ. ಒಟ್ಟು 2. ಆಗ ಜೆಲ್, ಮಾತ್ರೆ ಅಥವಾ ನೀರು ತುಂಬಿದ ಬಲೂನ್ ನಳಿಕೆಯಿಂದ ಬಾಯಿ ಹದ ಮಾಡಿ, ಮತ್ತೆ ಸ್ಕೋರ್ ನೋಡುತ್ತಾರೆ.

ಹಿಂದೆ ಸಿಸೇರಿಯನ್ ಆಗಿದ್ದರೆ ಮೊದಲೇ ಹೇಳಿ. ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಹಳೆ ಹೊಲಿಗೆ ಜಾಗ ಬಿರಿಯುವ ಅಪಾಯವಿದೆ.