‘ಸಬ್‌ಸ್ಕ್ರೈಬ್ ಮಾಡಿ’ ಅನ್ನಬೇಡಿ, ಕೆಲಸ ಕೇಳಿ

ಹುಬ್ಬಳ್ಳಿಯಲ್ಲಿ ಒಬ್ಬ ವಿಡಿಯೊ ಎಡಿಟರ್ ಇದ್ದಾನೆ ಎಂದುಕೊಳ್ಳೋಣ. ಅವನ ಯೂಟ್ಯೂಬ್ ಚಾನೆಲ್‌ನಲ್ಲಿ ನಲವತ್ತು ವಿಡಿಯೊಗಳಿವೆ: ಮದುವೆ ಹೈಲೈಟ್ಸ್, ಊರ ಜಾತ್ರೆ, ಎಡಿಟಿಂಗ್ ಪಾಠ, ನಡುವೆ ಒಂದು ಮೊಬೈಲ್ ರಿವ್ಯೂ. ವ್ಯೂಸ್ ಬರುತ್ತಿವೆ, ಕೆಲಸ ಬರುತ್ತಿಲ್ಲ. ಕಾಮೆಂಟ್ ಓದಿದರೆ ಕಾರಣ ತಿಳಿಯುತ್ತದೆ. “ಬ್ರೋ, ಯಾವ ಸಾಫ್ಟ್‌ವೇರ್?” “ಅಣ್ಣಾ, ಈ ಟ್ರಾನ್ಸಿಶನ್ ಹೇಳಿಕೊಡಿ.” ಕೇಳುತ್ತಿರುವವರೆಲ್ಲ ಎಡಿಟಿಂಗ್ ಕಲಿಯುವ ಹುಡುಗರು. ದುಡ್ಡು ಕೊಟ್ಟು ಎಡಿಟ್ ಮಾಡಿಸುವ ಡಾಕ್ಟರಿಗೋ ಕೋಚಿಂಗ್ ಸೆಂಟರ್‌ನವರಿಗೋ ಟ್ರಾನ್ಸಿಶನ್ ಗೊಡವೆ ಯಾಕೆ? ಪಾಠ ಹೇಳಿದರೆ ಶಿಷ್ಯರು ಬರುತ್ತಾರೆ, ಗಿರಾಕಿ ಬರುವುದಿಲ್ಲ.

ಇವನು ಮೊದಲು ಒಂದೇ ಕೆಲಸ ಆರಿಸಿಕೊಳ್ಳಬೇಕು. ಸಂದರ್ಶನ, ಪಾಡ್‌ಕಾಸ್ಟ್‌ಗಳ ಎಡಿಟಿಂಗ್ ಎಂದಿಟ್ಟುಕೊಳ್ಳಿ. ಉಳಿದ ವಿಡಿಯೊಗಳನ್ನು ಅಳಿಸಬೇಕಿಲ್ಲ, ಅನ್‌ಲಿಸ್ಟೆಡ್ ಮಾಡಿದರೆ ಸಾಕು. ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತವೆ. ಸಿನಿಮಾ ಹಾಡು ಹಾಕಿದ ಮದುವೆ ವಿಡಿಯೊಗಳನ್ನಂತೂ ಸರಿಸುವುದೇ ಒಳ್ಳೆಯದು. ಹಾಡಿನ ಮೇಲೆ ಕಾಪಿರೈಟ್ ಕ್ಲೇಮ್ ಬಂದು ಕೆಲವೊಮ್ಮೆ ವಿಡಿಯೊವೇ ಬ್ಲಾಕ್ ಆಗುತ್ತದೆ. ಮೇಲಾಗಿ, ನೋಡಿದವನಿಗೆ ಕಣ್ತುಂಬಿದ್ದು ಎಡಿಟಿಂಗ್‌ನಿಂದಲೋ ಹಾಡಿನಿಂದಲೋ ಗೊತ್ತಾಗುವುದಿಲ್ಲ.

ಇನ್ನು ಹೊಸದಾಗಿ ಮೂರು ವಿಡಿಯೊ ಸಾಕು, ಒಂದೊಂದೂ ಎರಡು ನಿಮಿಷದೊಳಗೆ. ಮೊದಲ ಹದಿನೈದು ಸೆಕೆಂಡು ಕಚ್ಚಾ ತುಣುಕು: ಫ್ಯಾನಿನ ಸದ್ದು, ಮಂಕು ಬೆಳಕು, ಅತಿಥಿಯ “ಅದೂ... ಏನಂದ್ರೆ...”. ಆಮೇಲೆ ಅದೇ ತುಣುಕು ಸಿದ್ಧವಾದ ರೂಪದಲ್ಲಿ. ಅದರ ಬೆನ್ನಿಗೇ ಅವನ ದನಿ: ಶೂಟಿಂಗ್ ನನ್ನದಲ್ಲ, ಕತ್ತರಿಸಿದ್ದು, ಸದ್ದು ಶುಚಿ ಮಾಡಿದ್ದು, ಕನ್ನಡ ಸಬ್‌ಟೈಟಲ್ ಹಾಕಿದ್ದು ನಾನು, ಎರಡು ದಿನ ಹಿಡಿಯಿತು. ಕೆಲಸ ಕೊಡುವವರು ಹುಡುಕುವುದು ಈ ಒಂದು ಮಾತನ್ನು. ಅಂದಹಾಗೆ, ಆ ತುಣುಕು ಗಿರಾಕಿಯದಾದರೆ ಲಿಖಿತ ಒಪ್ಪಿಗೆ ಬೇಕು, ವಾಟ್ಸಾಪ್‌ನಲ್ಲಾದರೂ ಸರಿ. ಸಿಗದಿದ್ದರೆ ಗೆಳೆಯನನ್ನು ಕೂರಿಸಿ ಹತ್ತು ನಿಮಿಷ ಮಾತಾಡಿಸಿ ಶೂಟ್ ಮಾಡಿಕೊಳ್ಳಲಿ.

ಈಗ ಕರೆ. “ಲೈಕ್ ಮಾಡಿ, ಶೇರ್ ಮಾಡಿ, ಬೆಲ್ ಒತ್ತಿ” ಎಂಬ ಮಂತ್ರ ಇಲ್ಲಿ ಉಪಯೋಗಕ್ಕಿಲ್ಲ. ಹೇಳಬೇಕಾದದ್ದು ಇಷ್ಟು: “ನಿಮ್ಮ ಸಂದರ್ಶನದ ಒಂದು ನಿಮಿಷದ ತುಣುಕು ವಾಟ್ಸಾಪ್ ಮಾಡಿ, ಎಡಿಟ್ ಮಾಡಿ ತೋರಿಸುತ್ತೇನೆ.” ಒಂದು ನಿಮಿಷ ಎಂಬ ಮಿತಿ ಮುಖ್ಯ, ಇಲ್ಲವಾದರೆ ಇಡೀ ಸಂದರ್ಶನವನ್ನೇ ಪುಕ್ಕಟೆ ಮಾಡಿಸಿಕೊಳ್ಳುವವರು ಸಿಗುತ್ತಾರೆ. ಈ ಮಾತನ್ನು ವಿಡಿಯೊದ ಕೊನೆಗೆ ಇಡಬಾರದು, ಬದಲಾವಣೆ ಕಂಡ ತಕ್ಷಣ ಹೇಳಬೇಕು. ಯೂಟ್ಯೂಬ್ ಸ್ಟುಡಿಯೊದಲ್ಲಿ ರಿಟೆನ್ಶನ್ ಗ್ರಾಫ್ ತೆರೆದರೆ ಕೊನೆ ತಲುಪುವವರು ಎಷ್ಟು ಕಡಿಮೆ ಎಂದು ಕಣ್ಣಿಗೇ ಕಾಣುತ್ತದೆ.

ಲಿಂಕ್ ಎಲ್ಲಿಡಬೇಕು? ಡಿಸ್ಕ್ರಿಪ್ಶನ್‌ನ ಮೊದಲ ಸಾಲಿನಲ್ಲಿ, ಏಕೆಂದರೆ ಕೆಳಗಿನದು ಮಡಚಿಕೊಂಡಿರುತ್ತದೆ. ಪಿನ್ ಮಾಡಿದ ಕಾಮೆಂಟ್‌ನಲ್ಲಿ ಇನ್ನೊಮ್ಮೆ. ಶಾರ್ಟ್ಸ್ ನಂಬಿದರೆ ಮೋಸ: 2023ರಿಂದ ಶಾರ್ಟ್ಸ್‌ನ ಡಿಸ್ಕ್ರಿಪ್ಶನ್ ಮತ್ತು ಕಾಮೆಂಟ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಅಲ್ಲಿಂದ ‘ರಿಲೇಟೆಡ್ ವಿಡಿಯೊ’ ಮೂಲಕ ದೊಡ್ಡ ವಿಡಿಯೊಗೆ ಕರೆತರಬೇಕಷ್ಟೆ. ಚಂದಾದಾರರಲ್ಲದವರಿಗೆ ಚಾನೆಲ್ ಮುಖಪುಟದಲ್ಲಿ ಕಾಣುವ ಟ್ರೇಲರ್ ಜಾಗಕ್ಕೆ ಮೂರರಲ್ಲಿ ಚೆನ್ನಾಗಿರುವುದನ್ನು ಹಾಕಲಿ.

ಲಿಂಕ್ ಹೀಗಿರಲಿ:

```
https://wa.me/91XXXXXXXXXX?text=INTERVIEW-2
```

X ಇರುವಲ್ಲಿ ಮೊಬೈಲ್ ನಂಬರ್. ಒತ್ತಿದವರ ವಾಟ್ಸಾಪ್‌ನಲ್ಲಿ INTERVIEW-2 ಎಂಬ ಸಂದೇಶ ಮೊದಲೇ ಬರೆದಿರುತ್ತದೆ; ಅವರು ಕಳಿಸಿದರೆ ಸಾಕು. ಮೂರು ವಿಡಿಯೊಗೆ ಮೂರು ಸಂಖ್ಯೆ ಕೊಟ್ಟರೆ, ತಿಂಗಳ ಕೊನೆಗೆ ಯಾವುದು ಕೆಲಸ ತಂದಿತು ಎಂದು ಎಣಿಸಬಹುದು. ಐದು ಸಾವಿರ ವ್ಯೂಸ್‌ನ ವಿಡಿಯೊದಿಂದ ಒಂದೂ ಸಂದೇಶ ಬರದೆ, ಇನ್ನೂರು ವ್ಯೂಸ್‌ನದರಿಂದ ನಾಲ್ಕು ಬಂದರೆ ಮುಂದಿನ ವಿಡಿಯೊ ಯಾವ ಬಗೆಯದು ಎಂದು ಬೇರೆ ಹೇಳಬೇಕೆ?

ಸಂದೇಶ ಬಂದೂ “ಎಷ್ಟು ಆಗುತ್ತೆ?” ಎಂದು ಕೇಳಿ ಜನ ಮಾಯವಾಗುತ್ತಿದ್ದರೆ ಕೊರತೆ ಬೇರೆಡೆ ಇದೆ: ದರ ಎಲ್ಲಿಂದ ಶುರು ಎಂದು ಬರೆದಿಲ್ಲ. ಡಿಸ್ಕ್ರಿಪ್ಶನ್‌ನ ಎರಡನೇ ಸಾಲಿನಲ್ಲಿ ಅದನ್ನು ಹಾಕಿದರೆ ಸಂದೇಶಗಳು ಕಡಿಮೆಯಾಗಬಹುದು; ಬಂದವರು ಮಾತ್ರ ಕೆಲಸದವರಾಗಿರುತ್ತಾರೆ.

ನೌಕರಿಗೆ ಅರ್ಜಿ ಹಾಕುವಾಗ ಚಾನೆಲ್ ಲಿಂಕ್ ಕಳಿಸಬೇಡಿ. ಅಲ್ಲಿ ಕೂತು ನಲವತ್ತು ವಿಡಿಯೊ ಯಾರು ನೋಡುತ್ತಾರೆ? ಆ ಕಂಪನಿಯ ಕೆಲಸಕ್ಕೆ ಹೊಂದುವ ಮೂರನ್ನು ಸೇರಿಸಿ ಒಂದು ಅನ್‌ಲಿಸ್ಟೆಡ್ ಪ್ಲೇಲಿಸ್ಟ್ ಮಾಡಿ, ಪ್ರತಿಯೊಂದರಲ್ಲೂ ನಿಮ್ಮ ಪಾಲು ಯಾವುದು ಎಂದು ಇಮೇಲ್‌ನಲ್ಲೇ ಒಂದು ಸಾಲು ಬರೆಯಿರಿ. ಕಳಿಸುವ ಮೊದಲು ಆ ಲಿಂಕನ್ನು ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಪ್ಲೇಲಿಸ್ಟ್ ಒಳಗಿನ ವಿಡಿಯೊ ಪ್ರೈವೇಟ್ ಆಗಿ ಉಳಿದಿದ್ದರೆ ನಿಮಗೆ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ.