ಮಂಕು ಪ್ರೊಜೆಕ್ಟರ್‌ನಲ್ಲಿ ಎಚ್‌ಡಿಆರ್

ನೂರು ಇಂಚಿನ ಪರದೆಯ ವಿಸ್ತೀರ್ಣ ಸುಮಾರು 2.75 ಚದರ ಮೀಟರ್. ಅದರ ಮೇಲೆ ನಿಜಕ್ಕೂ ಬೀಳುವುದು 1000 ಲ್ಯೂಮೆನ್ ಬೆಳಕಾದರೆ, ಸಾದಾ ಬಿಳಿ ಪರದೆಯಲ್ಲಿ ಸಿಗುವ ಹೊಳಪು ಸುಮಾರು 115 ನಿಟ್ಸ್. ಎಚ್‌ಡಿಆರ್ ಚಿತ್ರದಲ್ಲೋ 1000 ನಿಟ್ಸ್‌ವರೆಗಿನ ಹೊಳಪು ಇರಬಹುದು. ಇಡೀ ಚಿತ್ರವನ್ನು ಒಂದೇ ಅಳತೆಯಲ್ಲಿ ಕುಗ್ಗಿಸಿದರೆ ರಾತ್ರಿಯ ದೃಶ್ಯಗಳು ಮಸಿಯಾಗುತ್ತವೆ. ಡೈನಾಮಿಕ್ ಟೋನ್ ಮ್ಯಾಪಿಂಗ್ ಆಯಾ ದೃಶ್ಯದ ಗರಿಷ್ಠ ಹೊಳಪು ನೋಡಿ ಕುಗ್ಗಿಸುತ್ತದೆ. 150 ನಿಟ್ಸ್ ಮೀರದ ದೃಶ್ಯವನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತದೆ.

ಸೆಟ್ಟಿಂಗ್‌ನಲ್ಲಿ ಪೆಟ್ಟಿಗೆಯ ಮೇಲಿನ ಉದಾರ ಅಂಕಿ ಬೇಡ, ಅಳೆದು ಸಿಕ್ಕ 115 ಕೊಡಿ. ಹೆಚ್ಚು ಕೊಟ್ಟರೆ ಚಿತ್ರ ಕತ್ತಲಾಗುತ್ತದೆ. ತೀರಾ ಕಡಿಮೆ ಕೊಟ್ಟರೆ ಮೋಡಗಳ ಅಂಚು ಬಿಳಿಯಲ್ಲಿ ಕರಗುತ್ತದೆ. ಆಮೇಲೆ, ದೀಪ ಹಿಡಿದವನು ಚೌಕಟ್ಟಿಗೆ ಬಂದಾಗ ಹಿಂದಿನ ಗೋಡೆ ಕಪ್ಪಿಡುತ್ತದೆಯೇ ಗಮನಿಸಿ. ಹಾಗಾದರೆ ಹೊಂದಾಣಿಕೆಯ ವೇಗ ತಗ್ಗಿಸಿ. ದೃಶ್ಯ ಬದಲಾಗುವಲ್ಲಿ ಮಾತ್ರ ಹೊಳಪು ಥಟ್ಟನೆ ಬದಲಾಗಲಿ.